ರಕ್ತಬೀಜನ ಮುಖದಲ್ಲಿ ಚುಟ್ಟಿ ಯಾಕಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಹಾಸನದ ಕಡೆ. ಮದುವೆಯಾಗಿ ಮಂಗಳೂರಿಗೆ ಬಂದ ಮೇಲೆ ಮೊದಲ ಸಲ ಇಡೀ ರಾತ್ರಿ ಕೂತು ‘ದೇವಿ ಮಹಾತ್ಮೆ’ ಯಕ್ಷಗಾನ ಆಟ ನೋಡಿದೆ. ಮಹಿಷಾಸುರನ ಮುಖ ನೋಡಿ ಮಗಳು ಹೆದರಿ ಅತ್ತಳು. ಆದರೆ ಬೆಳಗಿನ ಜಾವ ಬಂದ ರಕ್ತಬೀಜ ಚಂದದ ರಾಜನ ಹಾಗೆ ಇದ್ದ. ಚಂಡ ಮುಂಡರಂತೂ ರಾಜಕುಮಾರರ ಹಾಗೆ ಕುಣಿದರು. ಎಲ್ಲರೂ ರಾಕ್ಷಸರೇ ಅಲ್ವಾ? ಹಾಗಾದರೆ ವೇಷ ನೋಡಿ ಒಳ್ಳೆಯವರು ಯಾರು, ಕೆಟ್ಟವರು ಯಾರು ಅಂತ ಗೊತ್ತು ಮಾಡಿಕೊಳ್ಳುವುದು ಹೇಗೆ?

ಉತ್ತರ: ಗೊತ್ತು ಮಾಡಿಕೊಳ್ಳಲು ಆಗುವುದಿಲ್ಲ. ಯಕ್ಷಗಾನದ ವೇಷ ಆ ವಿಷಯವನ್ನು ಹೇಳುವುದೇ ಇಲ್ಲ. ಪಾತ್ರ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಪ್ರಸಂಗದಲ್ಲಿ, ಪದ್ಯದಲ್ಲಿ, ಮಾತಿನಲ್ಲಿ ಇರುತ್ತದೆ. ವೇಷ ಹೇಳುವುದು ಬೇರೆ ಮೂರು ಸಂಗತಿ. ಈ ಪಾತ್ರದ ವಯಸ್ಸು ಮತ್ತು ಅಂತಸ್ತು ಏನು, ಇದರ ಸ್ವಭಾವದಲ್ಲಿ ಉಗ್ರತೆ ಎಷ್ಟು, ಮತ್ತು ರಂಗಸ್ಥಳಕ್ಕೆ ಬಂದ ಮೇಲೆ ಇದು ಮುಖ್ಯವಾಗಿ ಏನು ಮಾಡಲಿದೆ: ಹಾರಿ ಕುಣಿಯುತ್ತದೋ, ಕೂತು ವಾದ ಮಾಡುತ್ತದೋ, ಅಬ್ಬರಿಸಿ ಹೆದರಿಸುತ್ತದೋ. ನೀವು ನೋಡಿದ ರಾಕ್ಷಸರು ಮೂರು ಬೇರೆ ಬೇರೆ ಕೆಲಸಕ್ಕೆ ಬಂದವರು. ಅದಕ್ಕೇ ಮೂರು ಬೇರೆ ವೇಷ.

ಮಂಗಳೂರಿನಲ್ಲಿ ನೀವು ನೋಡಿದ್ದು ತೆಂಕುತಿಟ್ಟಿನ ಆಟ. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ನಡೆಯುವ ಪದ್ಧತಿ ಅದು. ಉಡುಪಿಯಿಂದ ಉತ್ತರಕ್ಕೆ ಹೋದರೆ ಬಡಗುತಿಟ್ಟು. ಅಲ್ಲಿ ಲೆಕ್ಕಾಚಾರ ಸ್ವಲ್ಪ ಬೇರೆ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ದೇವಿ ಮಹಾತ್ಮೆಯನ್ನೇ ಹಿಡಿದು ನೋಡೋಣ. ಇದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಪ್ರಸಂಗ ಇಲ್ಲ. ಅಲ್ಲಿ ಎದುರಾಳಿಗಳೆಲ್ಲ ರಾಕ್ಷಸರೇ, ಆದರೆ ವೇಷಗಳು ಬಗೆಬಗೆ.

ವೇಷ ಓದುವಾಗ ನಾನು ಮೊದಲು ನೋಡುವುದು ತಲೆಯನ್ನು. ಆಮೇಲೆ ಮುಖ. ಬಟ್ಟೆ ಕೊನೆಗೆ. ಹೊಸಬರು ಸಾಮಾನ್ಯವಾಗಿ ಇದರ ತಿರುಗಾ ಮುರುಗಾ ಮಾಡುತ್ತಾರೆ. ಥಳಥಳ ಹೊಳೆಯುವ ಎದೆಪದಕ, ದಗಲೆ ಅನ್ನುವ ಕೆಂಪು ಹಸಿರು ಮೇಲಂಗಿ ನೋಡುತ್ತಾ ಕೂರುತ್ತಾರೆ. ಆದರೆ ದಗಲೆ, ತೋಳಿನ ಕಟ್ಟು, ಸೊಂಟದ ಡಾಬು, ಕಾಲಿನ ಗೆಜ್ಜೆ ಇವೆಲ್ಲ ಸ್ವಲ್ಪ ಹೆಚ್ಚು ಕಡಿಮೆ ಎಲ್ಲ ಗಂಡು ವೇಷಗಳಿಗೂ ಇರುತ್ತವೆ. ಹಗುರ ಮರದಲ್ಲಿ ಕೆತ್ತಿ, ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸಿದ ಆ ಆಭರಣಗಳ ಮುಖ್ಯ ಕೆಲಸ ಬೆಳಕು ಹಿಡಿಯುವುದು ಮತ್ತು ಮನುಷ್ಯನ ಗಾತ್ರವನ್ನು ದೊಡ್ಡದು ಮಾಡಿ ತೋರಿಸುವುದು. ಪಾತ್ರದ ಗುರುತು ಇರುವುದು ಕುತ್ತಿಗೆಯಿಂದ ಮೇಲೆ.

ಚಂಡ ಮುಂಡರನ್ನು ನೆನಪಿಸಿಕೊಳ್ಳಿ. ತಲೆಗೆ ದೊಡ್ಡ ಕಿರೀಟ ಇರಲಿಲ್ಲ, ಹಗುರವಾದ ಪಗಡಿ ಇತ್ತು. ಮುಖ ನಸುಗೆಂಪು, ಕಣ್ಣಿಗೆ ಕಾಡಿಗೆಯ ತೀಡು, ಹಣೆಗೆ ನಾಮ. ಪೊದೆ ಮೀಸೆಯಿಲ್ಲ. ಇದಕ್ಕೆ ಪುಂಡುವೇಷ ಅನ್ನುತ್ತಾರೆ. ಅಭಿಮನ್ಯು, ಬಭ್ರುವಾಹನ ಇದೇ ವೇಷ. ಕೃಷ್ಣ, ವಿಷ್ಣು ಪಾತ್ರಗಳನ್ನೂ ಪುಂಡುವೇಷದ ಕಲಾವಿದರೇ ಮಾಡುತ್ತಾರೆ, ತಲೆಗೆ ಮಾತ್ರ ಬೇರೆ ಕಿರೀಟ. ಅಂದರೆ ಮಹಾಭಾರತದ ಮುದ್ದು ಹುಡುಗನಿಗೂ ದೇವಿಯ ಮೇಲೆ ಕೈ ಮಾಡಲು ಬಂದ ರಾಕ್ಷಸನಿಗೂ ಒಂದೇ ಅಚ್ಚು. ಯಾಕೆಂದರೆ ಇಬ್ಬರೂ ಹರೆಯದವರು, ಇಬ್ಬರಲ್ಲೂ ಆವೇಶ ಜಾಸ್ತಿ, ಯೋಚನೆ ಕಡಿಮೆ. ಇಬ್ಬರೂ ಚೆಂಡೆಯ ಪೆಟ್ಟಿಗೆ ಸರಿಯಾಗಿ ದಿಗಿಣ ಹಾರಬೇಕು. ಗಾಳಿಯಲ್ಲಿ ಮೈ ತಿರುಗಿಸಿ ಸುತ್ತು ಸುತ್ತು ಹಾರುವ ಆ ದಿಗಿಣ ತೆಂಕುತಿಟ್ಟಿನ ಪುಂಡುವೇಷದ ಜೀವ. ತಲೆಯ ಮೇಲೆ ಭಾರದ ಕಿರೀಟ ಇಟ್ಟುಕೊಂಡು ಅಷ್ಟು ಹಾರಿದರೆ ಕುತ್ತಿಗೆ ಕೇಳುವುದಿಲ್ಲ. ಹಾಗಾಗಿ ಪಗಡಿ ಕಂಡ ಕೂಡಲೇ ಹಳೆಯ ಪ್ರೇಕ್ಷಕ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾನೆ. ಈಗ ಕುಣಿತ ಇದೆ ಅಂತ ಅವನಿಗೆ ಗೊತ್ತು. ಮೀಸೆ ಇಲ್ಲದ ಮುಖಕ್ಕೂ ಅರ್ಥ ಇದೆ: ಇವನು ಸಾಮಾನ್ಯವಾಗಿ ರಾಜ್ಯ ಆಳುವವನಲ್ಲ, ಯಾರೋ ಕಳಿಸಿದ ಕೆಲಸಕ್ಕೆ ಅಥವಾ ಹುಮ್ಮಸ್ಸಿಗೆ ನುಗ್ಗುವವನು. ಚಂಡ ಮುಂಡರು ಉಯ್ಯಾಲೆಯಲ್ಲಿ ಕೂತ ದೇವಿಯನ್ನು ನೋಡಿ ಒಡೆಯನಿಗೆ ಸುದ್ದಿ ಮುಟ್ಟಿಸುವವರು ತಾನೇ. ಅವರಿಗೆ ಅದು ಸರಿಯಾಗಿ ಕೂರುತ್ತದೆ.

ರಕ್ತಬೀಜನದು ಕಿರೀಟ ವೇಷ. ತಲೆಯ ಮೇಲೆ ಎತ್ತರದ ಕಿರೀಟ, ಹೆಗಲ ಮೇಲೆ ರೆಕ್ಕೆಯಂತೆ ಏಳುವ ಭುಜಕೀರ್ತಿ, ಮುಖಕ್ಕೆ ದೊಡ್ಡ ಮೀಸೆ. ಮುಖದ ಬಣ್ಣ ಮಾತ್ರ ಮನುಷ್ಯರ ಮೈಬಣ್ಣದ ಆಸುಪಾಸಿನದು. ಬಿಳಿ, ಹಳದಿ, ಕೆಂಪು ಸೇರಿಸಿ ತೆಂಗಿನೆಣ್ಣೆಯಲ್ಲಿ ಕಲಸಿದ ಬಣ್ಣ. ಹಿಂದಿನವರು ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಪೇತು, ಕಪ್ಪಿಗೆ ಮಸಿ ಬಳಸುತ್ತಿದ್ದರು. ಇಂದ್ರ, ಅರ್ಜುನ, ಕೌರವ, ಕಂಸ ಎಲ್ಲರೂ ಈ ಕಿರೀಟದ ಗುಂಪಿಗೇ ಸೇರಿದವರು.

ಈ ಗುಂಪಿನೊಳಗೆ ಮೇಳದವರು, ಅಂದರೆ ಆಟ ಆಡುವ ತಂಡದವರು, ಇನ್ನೊಂದು ಗೆರೆ ಎಳೆಯುತ್ತಾರೆ. ಕಥೆಯ ಆರಂಭಕ್ಕೆ ಓಲಗ ಕೊಟ್ಟು ವಿಷಯ ಹೂಡುವ ದೇವೇಂದ್ರನೋ ಧರ್ಮರಾಯನೋ ಪೀಠಿಕೆ ವೇಷ. ಕಥಾನಾಯಕನಿಗೆ ಇದಿರಾಗಿ ನಿಲ್ಲುವ ಜೋರಿನ ಪಾತ್ರ ಎದುರು ವೇಷ. ರಕ್ತಬೀಜ ಎರಡನೆಯವನು. ಎದುರು ವೇಷ ಅಂದರೆ ದುಷ್ಟ ಅಂತ ಅರ್ಥವಲ್ಲ, ಎದುರಾಳಿ ಅಂತ. ಈ ಎರಡಕ್ಕೂ ಇರುವ ವ್ಯತ್ಯಾಸ ನಿಮಗೆ ಮುಖದಲ್ಲಿ ಅಷ್ಟು ಬೇಗ ಸಿಗುವುದಿಲ್ಲ. ಪ್ರವೇಶದ ಗತ್ತಿನಲ್ಲಿ, ಚೆಂಡೆಯ ಓಟದಲ್ಲಿ, ನಿಲುವಿನಲ್ಲಿ ಸಿಗುತ್ತದೆ. ಪೀಠಿಕೆಯವನು ನಿಧಾನ. ಎದುರಿನವನು ರಂಗಕ್ಕೆ ಬಂದ ಕೂಡಲೇ ಜಾಗ ಸಾಲದು ಅನ್ನುವ ಹಾಗೆ ಓಡಾಡುತ್ತಾನೆ.

ಕಿರೀಟ ವೇಷ ಪ್ರೇಕ್ಷಕನಿಗೆ ಕೊಡುವ ಮುಖ್ಯ ಸೂಚನೆ: ಇವನು ಮಾತಾಡುತ್ತಾನೆ. ದೇವಿಯ ಮುಂದೆ ನಿಂತ ರಕ್ತಬೀಜ ನೇರವಾಗಿ ಕತ್ತಿ ಬೀಸುವುದಿಲ್ಲ. ನೀನು ಯಾರು, ಹೆಣ್ಣೊಬ್ಬಳು ಯುದ್ಧಕ್ಕೆ ಬರುವುದೆಂದರೇನು, ನನ್ನ ಒಡೆಯ ಯಾರು ಗೊತ್ತಾ ಅಂತ ವಾದಕ್ಕೆ ಇಳಿಯುತ್ತಾನೆ. ಚೆನ್ನಾಗಿ ಮಾತು ಕಟ್ಟುವ ಅರ್ಥಧಾರಿ ಸಿಕ್ಕಿದರೆ ರಾಕ್ಷಸನ ಮಾತಿನಲ್ಲಿ ಭಕ್ತಿಯ ಎಳೆಯೂ ಇಣುಕುತ್ತದೆ. ಇಂಥ ಪಾತ್ರಕ್ಕೆ ಮುಖ ಬಿಡುವಾಗಿರಬೇಕು. ಹುಬ್ಬು ಕುಣಿಯಬೇಕು, ತುಟಿಯ ವ್ಯಂಗ್ಯ ಕಾಣಬೇಕು, ಗಂಟಲು ತೆರೆದಿರಬೇಕು. ಮುಖದ ತುಂಬ ದಪ್ಪ ಬಣ್ಣ ಮೆತ್ತಿದರೆ ಇದು ಯಾವುದೂ ಆಗುವುದಿಲ್ಲ. ನಿಮ್ಮ ಪ್ರಶ್ನೆಯ ನೇರ ಉತ್ತರ ಇಲ್ಲಿದೆ. ಅವನು ರಾಕ್ಷಸನೇ ಆದರೂ ಆ ದೃಶ್ಯ ಮಾತಿನದು, ಆದ್ದರಿಂದ ಮುಖ ಮನುಷ್ಯನದು.

ಇನ್ನು ನಿಮ್ಮ ಮಗಳನ್ನು ಅಳಿಸಿದವನ ವಿಷಯ. ಮಹಿಷಾಸುರ ಬಣ್ಣದ ವೇಷ. ಎಲ್ಲ ವೇಷಕ್ಕೂ ಬಣ್ಣ ಹಚ್ಚಿದರೂ ‘ಬಣ್ಣ’ ಅಂತ ಬರೀ ಒಂದೇ ಮಾತಿನಲ್ಲಿ ಹೇಳಿದರೆ ಕಲಾವಿದರು ಕೂತು ವೇಷ ಕಟ್ಟುವ ಚೌಕಿಯಲ್ಲಿ ಅದು ಈ ವೇಷವೇ. ಮೇಳದಲ್ಲಿ ‘ಒಂದನೇ ಬಣ್ಣ’, ‘ಎರಡನೇ ಬಣ್ಣ’ ಅಂತ ಸ್ಥಾನಗಳೇ ಇವೆ. ಹೆಸರಾಂತ ಕಲಾವಿದ ಬಣ್ಣದ ಮಾಲಿಂಗ ಅವರ ಹೆಸರಿನ ಮುಂದೆ ಆ ಪದ ಅಂಟಿಕೊಂಡದ್ದು ಹಾಗೆಯೇ.

ಬಣ್ಣದ ವೇಷದ ಗುರುತು ಚುಟ್ಟಿ. ಮುಖದ ಮೇಲೆ ಬಿಳಿ ಮುಳ್ಳಿನ ಸಾಲುಗಳು ಎದ್ದು ನಿಂತದ್ದನ್ನು ನೀವು ನೋಡಿರುತ್ತೀರಿ. ಅದು ಮುಖವಾಡ ಅಲ್ಲ. ನುಣ್ಣಗೆ ಅರೆದ ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ, ಸಣ್ಣ ಕಡ್ಡಿಯಿಂದ ಒಂದೊಂದೇ ಚುಕ್ಕಿಯಾಗಿ ಮುಖದ ಮೇಲೆ ಇಡುತ್ತಾರೆ. ಮೊದಲು ಕೆಂಪು ಕಪ್ಪಿನ ಹಾಸು, ಅದರ ಮೇಲೆ ಗೆರೆಗಳು, ಗೆರೆಯ ಅಂಚು ಹಿಡಿದು ಚುಟ್ಟಿ. ಒಂದು ಸುತ್ತು ಇಟ್ಟು, ಅದು ಒಣಗುತ್ತಾ ಬಂದ ಹಾಗೆ ಅದರ ತಲೆಯ ಮೇಲೆ ಇನ್ನೊಂದು. ಹಾಗೆ ಒಂದರ ಮೇಲೊಂದು ಏರಿ ಮುಳ್ಳಾಗುತ್ತದೆ. ಮೂಗಿನ ತುದಿಗೆ, ಹಣೆಗೆ ಹತ್ತಿಯ ಉಂಡೆ ಅಂಟಿಸುತ್ತಾರೆ. ಇಷ್ಟಾಗಲು ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಕಥಕಳಿಯಲ್ಲಿ ಚುಟ್ಟಿ ಇಡಲು ಬೇರೆ ಪರಿಣತರು ಇರುತ್ತಾರೆ, ನಟ ಅಂಗಾತ ಮಲಗಿರುತ್ತಾನೆ. ಯಕ್ಷಗಾನದಲ್ಲಿ ಹಾಗಿಲ್ಲ. ಕಲಾವಿದನೇ ಚೌಕಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಕೈಯಲ್ಲಿ ಕನ್ನಡಿ ಹಿಡಿದು, ಇನ್ನೊಂದು ಕೈಯಿಂದ ತನ್ನ ಮುಖಕ್ಕೆ ತಾನೇ ಇಟ್ಟುಕೊಳ್ಳಬೇಕು.

ಇದರಲ್ಲಿ ಹದ ತಪ್ಪುವುದು ಸುಲಭ. ಸುಣ್ಣ ಜಾಸ್ತಿಯಾದರೆ ಚರ್ಮ ಉರಿಯುತ್ತದೆ. ಕಡಿಮೆಯಾದರೆ ಬೆವರಿಗೆ ಮುಳ್ಳು ಸಡಿಲವಾಗಿ ಉದುರುತ್ತದೆ. ಹಿಟ್ಟು ತೆಳುವಾದರೆ ಚುಕ್ಕಿ ಹರಡಿಕೊಂಡು ಚಪ್ಪಟೆಯಾಗುತ್ತದೆ, ಮುಳ್ಳು ಏಳುವುದಿಲ್ಲ. ಒಣಗುವ ಮೊದಲು ನಕ್ಕರೆ, ಬಾಯಿ ಅಗಲಿಸಿದರೆ ಸಾಲು ಬಿರಿಯುತ್ತದೆ. ಚೌಕಿಗೆ ಹೋದಾಗ ಬಣ್ಣದ ವೇಷದವರನ್ನು ಮಾತಾಡಿಸಲು ಹೋಗಬೇಡಿ ಅಂತ ಹಿರಿಯರು ಹೇಳುವುದು ಬರೀ ಗೌರವಕ್ಕಲ್ಲ.

ಇಷ್ಟು ಕಷ್ಟದ ಮುಖ ರಂಗದಲ್ಲಿ ಏನು ಹೇಳುತ್ತದೆ? ಮೊದಲನೆಯದು, ಇಲ್ಲಿ ಮನುಷ್ಯ ಮುಗಿದ, ಅವನ ಅಳತೆಗೆ ಸಿಗದ್ದು ಶುರುವಾಯಿತು. ಎರಡನೆಯದು, ಇವನಿಂದ ವಾದ ನಿರೀಕ್ಷಿಸಬೇಡಿ. ಮಹಿಷಾಸುರನ ಮಾತು ಕಡಿಮೆ, ಅಬ್ಬರ ಜಾಸ್ತಿ. ಅವನು ಗಂಟಲಿನಿಂದ ತೆಗೆಯುವ ಆ ದೊಡ್ಡ ಬೊಬ್ಬೆಗೆ ಆರ್ಭಟೆ ಅನ್ನುತ್ತಾರೆ. ಚುಟ್ಟಿ ಇಟ್ಟ ಮುಖದಲ್ಲಿ ಗಂಟೆಗಟ್ಟಲೆ ಅರ್ಥ ಹೇಳುವುದು ಕಷ್ಟ, ಆರ್ಭಟೆ ಕೊಡಬಹುದು. ಹಾಗಾಗಿ ಬಣ್ಣದ ವೇಷಗಳ ದೃಶ್ಯಗಳು ಪ್ರವೇಶದ ಮೇಲೆ, ನಡೆಯ ಮೇಲೆ, ಕಣ್ಣಿನ ಮೇಲೆ ನಿಂತಿರುತ್ತವೆ. ಮುಖವರ್ಣಿಕೆಯೇ ದೃಶ್ಯದ ಆಕಾರವನ್ನು ತೀರ್ಮಾನ ಮಾಡಿದೆ ಅಂತ ನನಗೆ ಅನ್ನಿಸುತ್ತದೆ.

ಪ್ರವೇಶವನ್ನೇ ನೋಡಿ. ಉಳಿದ ವೇಷಗಳು ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ಬರುತ್ತವೆ. ಮಹಿಷಾಸುರ ಬರುವುದು ಪ್ರೇಕ್ಷಕರ ಹಿಂದಿನಿಂದ, ಜನರ ನಡುವೆ. ಮುಂದೆ ದೊಂದಿ ಹಿಡಿದವರು. ಬೆಂಕಿಗೆ ರಾಳದ ಪುಡಿ ಎರಚಿದಾಗ ಭಗ್ ಅಂತ ಜ್ವಾಲೆ ಏಳುತ್ತದೆ. ಆ ಕ್ಷಣಕ್ಕೆ ಮುಖದ ಪ್ರತಿ ಮುಳ್ಳಿನ ನೆರಳು ಪಕ್ಕಕ್ಕೆ ಬಿದ್ದು ಅಲುಗಾಡುತ್ತದೆ. ಮುಖ ತಾನೇ ಚಲಿಸುತ್ತಿದೆಯೋ ಅನ್ನಿಸುತ್ತದೆ. ಚುಟ್ಟಿ ಎದ್ದು ನಿಲ್ಲಬೇಕಾದದ್ದು ಇದಕ್ಕಾಗಿ. ಅದು ಅಲುಗಾಡುವ ಬೆಂಕಿಯ ಬೆಳಕಿಗೆ ಹೇಳಿ ಮಾಡಿಸಿದ ಮೇಕಪ್. ಎಲ್ಲ ಕಡೆಯಿಂದ ಸಮನಾಗಿ ಬೀಳುವ ಬಿಳಿ ವಿದ್ಯುತ್ ಬೆಳಕಿನಲ್ಲಿ ನೆರಳು ಸತ್ತುಹೋಗುತ್ತದೆ, ಮುಖ ಬರೀ ಚಿತ್ರವಾಗುತ್ತದೆ.

ಮಹಿಷಾಸುರನ ತಲೆಗೆ ಕೋಡು ಇರುವುದರಿಂದ ಹೆಸರು ಹೇಳದೆಯೂ ಗೊತ್ತಾಗುತ್ತದೆ. ಬಣ್ಣದ ವೇಷಗಳಲ್ಲಿ ಹಾಗೆ ಸ್ವಂತ ಗುರುತು ಇರುವವು ಕಡಿಮೆ. ಉಳಿದವನ್ನು ಗುಂಪಾಗಿ ಗುರುತಿಸಬೇಕು. ರಾವಣನಂಥ ದೊರೆ ರಾಕ್ಷಸರದು ರಾಜಬಣ್ಣ. ಇಲ್ಲಿ ಗೆರೆಗಳು ಅಚ್ಚುಕಟ್ಟು, ಎರಡೂ ಕೆನ್ನೆ ಒಂದಕ್ಕೊಂದು ಸರಿಹೊಂದುತ್ತವೆ. ತಲೆಯ ಹಿಂದೆ ಚಕ್ರದಂತೆ ಹರಡಿದ ದೊಡ್ಡ ಕೇಸರಿ ತಟ್ಟಿ. ಉಗ್ರತೆ ಇದೆ, ಆದರೆ ಸಿಂಹಾಸನವೂ ಇದೆ ಅಂತ ಆ ಮುಖ ಹೇಳುತ್ತದೆ. ಕಾಡಿನಲ್ಲಿ ಅಲೆಯುವ, ತಿನ್ನುವುದೇ ಕೆಲಸವಾದ ರಾಕ್ಷಸರದು ಕಾಟುಬಣ್ಣ. ಅಲ್ಲಿ ಆ ಅಚ್ಚುಕಟ್ಟು ಇರುವುದಿಲ್ಲ, ಕಪ್ಪು ಜಾಸ್ತಿ, ಒರಟುತನ ಜಾಸ್ತಿ. ಮೂರನೆಯದು ಹೆಣ್ಣುಬಣ್ಣ.

ಹೆಣ್ಣುಬಣ್ಣದ ಬಗ್ಗೆ ಎರಡು ಮಾತು ಹೇಳಲೇಬೇಕು. ವೇಷ ಪ್ರೇಕ್ಷಕನ ಜೊತೆ ಗುಟ್ಟು ಹಂಚಿಕೊಳ್ಳುವ ಬಗೆ ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಪಂಚವಟಿಯ ಶೂರ್ಪನಖಿ ಮೊದಲು ಬರುವುದು ಪೂರ್ತಿ ಬಣ್ಣದಲ್ಲಿ, ಚುಟ್ಟಿ ಸಹಿತ. ತೆರೆಯ ಹಿಂದೆ, ತೆರೆಯ ಮುಂದೆ ಅವಳ ಶೃಂಗಾರದ ಅಭಿನಯ ನಡೆಯುತ್ತದೆ. ಕೂದಲು ಬಾಚುವುದು, ಹೇನು ಹೆಕ್ಕುವುದು, ಕನ್ನಡಿ ನೋಡುವುದು. ಅಷ್ಟು ಭಯಂಕರ ಮುಖ ನಾಚಿಕೊಳ್ಳುವಾಗ ಜನ ಬಿದ್ದು ಬಿದ್ದು ನಗುತ್ತಾರೆ. ರಾಮನನ್ನು ಕಂಡು ಮೋಹಗೊಂಡ ಮೇಲೆ ಅವಳು ಒಳಗೆ ಹೋಗುತ್ತಾಳೆ. ಹೊರಗೆ ಬರುವುದು ಬೇರೆಯೇ ಕಲಾವಿದ, ಚಂದದ ಸ್ತ್ರೀವೇಷದಲ್ಲಿ. ಅವಳು ಮಾಯಾ ಶೂರ್ಪನಖಿ. ರಾಮ ಲಕ್ಷ್ಮಣರ ಮುಂದೆ ಒನಪು ಮಾಡುವವಳು ಈ ಸುಂದರಿ. ಆದರೆ ಪ್ರೇಕ್ಷಕ ಮೊದಲಿನ ಮುಖ ನೋಡಿ ಆಗಿದೆ. ಅವಳ ಪ್ರತಿ ನಗುವಿನ ಹಿಂದೆ ಅವನಿಗೆ ಚುಟ್ಟಿಯೇ ಕಾಣುತ್ತದೆ. ಪೂತನಿಯದೂ ಇದೇ ಏರ್ಪಾಡು: ಮೊದಲು ಘೋರರೂಪ, ಆಮೇಲೆ ಮಗುವನ್ನು ಎತ್ತಿಕೊಳ್ಳಲು ಬರುವ ಮೋಹಕ ರೂಪ. ಒಂದೇ ಪಾತ್ರಕ್ಕೆ ಎರಡು ವೇಷ, ಇಬ್ಬರು ಕಲಾವಿದರು. ಚುಟ್ಟಿ ಇಡಲು ಗಂಟೆಗಳೇ ಬೇಕಾದ ಕಾರಣ ಒಬ್ಬನೇ ನಡುವೆ ಮುಖ ಬದಲಿಸುವುದು ಸಾಧ್ಯವೇ ಇಲ್ಲ.

‘ಬಣ್ಣ ಅಂದರೆ ರಾಕ್ಷಸ’ ಅಂತ ಈಗ ನೀವು ಬರೆದಿಟ್ಟುಕೊಳ್ಳಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ರುದ್ರಭೀಮನನ್ನು ಒಮ್ಮೆ ನೋಡಿ. ದುಶ್ಶಾಸನನ ಎದೆ ಬಗೆದು ರಕ್ತ ಕುಡಿಯುವ ಭೀಮ ತೆಂಕುತಿಟ್ಟಿನಲ್ಲಿ ಬಣ್ಣದ ವೇಷವಾಗಿ ಬರುತ್ತಾನೆ. ಅದೇ ಭೀಮ ಬೇರೆ ಸಂದರ್ಭದಲ್ಲಿ ತನ್ನದೇ ಆದ ‘ಭೀಮನ ಮುಡಿ’ ಇಟ್ಟುಕೊಂಡು ಸಾಧಾರಣ ಮುಖದಲ್ಲಿ ಬರುವವನು. ಪಾಂಡವರ ಪಕ್ಷ ಬಿಟ್ಟು ಹೋದದ್ದಲ್ಲ, ಹುಟ್ಟು ಬದಲಾದದ್ದಲ್ಲ. ಆ ಗಳಿಗೆಯಲ್ಲಿ ಅವನೊಳಗಿನ ಮನುಷ್ಯ ಹಿಂದೆ ಸರಿದಿದ್ದಾನೆ, ಅಷ್ಟೇ. ದಕ್ಷಯಜ್ಞದ ವೀರಭದ್ರನೂ ಬಣ್ಣವೇ, ಅವನು ಶಿವನ ಕಡೆಯವನು. ಹಾಗಾಗಿ ಚುಟ್ಟಿಯನ್ನು ಜಾತಿಯ ಗುರುತಾಗಿ ಓದಬೇಡಿ. ಅದು ಕೋಪದ, ಉಗ್ರತೆಯ ಅಳತೆ.

ದೇವಿಯ ಪಾತ್ರ ಸ್ತ್ರೀವೇಷದ ಸಾಲಿನದು. ಸ್ತ್ರೀವೇಷಕ್ಕೆ ಬಣ್ಣ ಹಗುರ, ಸೀರೆ, ಜಡೆ, ಆಭರಣ. ಅಲ್ಲಿ ಪ್ರಕಾರ ಗೊತ್ತಾಗುವುದು ಉಡುವ ಕ್ರಮದಿಂದ. ಸೀತೆ, ದಮಯಂತಿಯಂಥ ಗರತಿಯರಿಗೆ ಸಾದಾ ಸೀರೆಯ ಉಡುಗೆ. ಪ್ರಮೀಳೆಯ ಹಾಗೆ ಯುದ್ಧಕ್ಕೆ ಇಳಿಯುವ ಹೆಣ್ಣಿಗೆ ಕಚ್ಚೆ ಕಟ್ಟಿದ ಕಸೆ ಸ್ತ್ರೀವೇಷ, ತಲೆಗೆ ಕಿರೀಟ. ಕಾಲು ಬಿಡಿಸಿಕೊಂಡ ಉಡುಗೆ ಕಂಡರೆ ಅವಳು ಆಯುಧ ಹಿಡಿಯುತ್ತಾಳೆ ಅಂತ ತಿಳಿದುಕೊಳ್ಳಬಹುದು.

ಹಾಸ್ಯಗಾರನ ಲೆಕ್ಕ ಎಲ್ಲರಿಗಿಂತ ಬೇರೆ. ಅವನ ವೇಷದಲ್ಲಿ ಹೊಳಪೇ ಇಲ್ಲ. ಭುಜಕೀರ್ತಿ ಇಲ್ಲ, ಎದೆಪದಕ ಇಲ್ಲ. ದೂತ, ಬ್ರಾಹ್ಮಣ, ಬೇಹುಗಾರ, ಕೃಷ್ಣನ ಗೆಳೆಯ ಮಕರಂದ, ಹೀಗೆ ಒಂದೇ ರಾತ್ರಿ ನಾಲ್ಕಾರು ಬಾರಿ ಬಂದು ಹೋಗಬೇಕು. ಹಾಗಾಗಿ ಬೇಗ ಬದಲಿಸಬಹುದಾದ ಉಡುಗೆ. ಮುಖಕ್ಕೆ ನಾಲ್ಕು ಗೆರೆ, ಒಂದು ಶಾಲು, ಒಂದು ಟೊಪ್ಪಿ. ಹೊಳೆಯದ ಈ ವೇಷ ಹೇಳುವುದು ಇಷ್ಟು: ಇವನು ಪುರಾಣದವನಲ್ಲ, ನಮ್ಮವನು. ಅವನು ಊರಿನ ಸುದ್ದಿ ಮಾತಾಡಬಹುದು, ರಾಜನನ್ನು ಗೇಲಿ ಮಾಡಬಹುದು. ಅದೇ ಮಾತನ್ನು ಕಿರೀಟ ವೇಷ ಆಡಿದರೆ ಆಭಾಸ. ಆದರೆ ಹಾಸ್ಯಗಾರನನ್ನು ನಗಿಸುವವನು ಅಂತ ಮಾತ್ರ ತಿಳಿಯಬೇಡಿ. ನಳದಮಯಂತಿಯಲ್ಲಿ ನಳ ವಿಕಾರರೂಪ ತಾಳಿ ಬಾಹುಕನಾದಾಗ ಆ ಪಾತ್ರ ಹಾಸ್ಯಗಾರನ ಪಾಲಿಗೆ ಬರುತ್ತದೆ. ನಗಿಸುತ್ತಾ ನಗಿಸುತ್ತಾ ಹೆಂಡತಿಯನ್ನು ಕಳೆದುಕೊಂಡವನ ಸಂಕಟವನ್ನೂ ತೋರಿಸಬೇಕು. ನನ್ನ ಮಟ್ಟಿಗೆ ಅದು ಇಡೀ ಯಕ್ಷಗಾನದಲ್ಲೇ ಕಷ್ಟದ ಪಾತ್ರಗಳಲ್ಲಿ ಒಂದು.

ಈಗ ಬಡಗಿನ ಮಾತು. ಮುಂದೆ ಕುಂದಾಪುರದ ಕಡೆಗೋ ಹೊನ್ನಾವರದ ಕಡೆಗೋ ಹೋಗಿ ಆಟ ನೋಡಿದರೆ ನಿಮಗೆ ಮೊದಲು ಗೊಂದಲವಾಗುವುದು ತಲೆಯ ವಿಷಯದಲ್ಲೇ. ತೆಂಕಿನಲ್ಲಿ ಕಿರೀಟ ಇಡುವ ಅರ್ಜುನ ಅಲ್ಲಿ ಮುಂಡಾಸು ಕಟ್ಟಿರುತ್ತಾನೆ. ಕರ್ಣನಿಗೂ ಮುಂಡಾಸು. ಇದು ಅಂಗಡಿಯಲ್ಲಿ ಸಿಗುವ ಟೊಪ್ಪಿಯಲ್ಲ. ಒಳಗೆ ಅಟ್ಟೆ ಇಟ್ಟು, ಸುತ್ತ ಬಟ್ಟೆ ಸುತ್ತಿ ಸುತ್ತಿ, ಮೇಲೆ ಜರಿಯ ಪಟ್ಟಿ ಬಿಗಿದು ಆಟದ ದಿನವೇ ತಲೆಗೆ ಕಟ್ಟುವುದು. ಹದ ತಪ್ಪಿದರೆ ಆಕಾರ ಒಂದು ಕಡೆ ವಾಲುತ್ತದೆ, ಬಿಗಿ ಜಾಸ್ತಿಯಾದರೆ ರಾತ್ರಿಯಿಡೀ ತಲೆನೋವು. ಅಲ್ಲಿ ಕಿರೀಟ ಇರುವುದು ಧರ್ಮರಾಯ, ರಾಮನಂಥ ಪಟ್ಟದವರಿಗೆ. ಮುಂಡಾಸು ಅಂದರೆ ರಣದಲ್ಲಿ ನಿಲ್ಲುವ ವೀರ. ಕೆಂಪು ಮುಂಡಾಸು ಬಂದರೆ ಗಂಧರ್ವ ಇರಬೇಕು ಅಂತ ಊಹಿಸಬಹುದು. ಅಭಿಮನ್ಯು, ಬಭ್ರುವಾಹನರಿಗೆ ಅದರದ್ದೇ ಸಣ್ಣ ರೂಪವಾದ ಕೇದಗೆ ಮುಂದಲೆ. ಅಂದರೆ ತೆಂಕಿನಲ್ಲಿ ಪಗಡಿ, ಕಿರೀಟ ಅಂತ ಎರಡು ಮೆಟ್ಟಿಲು ಇದ್ದ ಕಡೆ ಬಡಗಿನಲ್ಲಿ ಕೇದಗೆ ಮುಂದಲೆ, ಮುಂಡಾಸು, ಕಿರೀಟ ಅಂತ ಮೂರು. ಹುಡುಗ, ವೀರ, ದೊರೆ. ಬಣ್ಣದ ವೇಷ ಅಲ್ಲೂ ಇದೆ. ಆದರೆ ತೆಂಕಿನಷ್ಟು ವಿಸ್ತಾರವಾದ ಚುಟ್ಟಿಯನ್ನು ಅಲ್ಲಿ ನಿರೀಕ್ಷಿಸಬೇಡಿ.

ಈ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ ಅನ್ನುವುದನ್ನೂ ಹೇಳಬೇಕು. ಪುರಾಣದ ಪ್ರಸಂಗಗಳಲ್ಲಿ ಇದು ಗಟ್ಟಿ. ತುಳು ಪ್ರಸಂಗಗಳಿಗೆ, ಐತಿಹಾಸಿಕ ಕಥೆಗಳಿಗೆ, ಹೊಸದಾಗಿ ಬರೆದ ಸಾಮಾಜಿಕ ಕಥೆಗಳಿಗೆ ಬಂದರೆ ಅರ್ಧಕ್ಕರ್ಧ ನಾಟಕದ ಉಡುಗೆ. ಕೋಟಿ ಚೆನ್ನಯರು ಬಲ್ಲಾಳನ ಅರಮನೆಗೆ ಭುಜಕೀರ್ತಿ ಕಟ್ಟಿಕೊಂಡು ಹೋಗಲು ಆಗುತ್ತದಾ? ಅಲ್ಲಿ ಪಗಡಿ, ಅಂಗಿ, ಪಂಚೆ ನೋಡಿ ಪುಂಡೋ ಕಿರೀಟವೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಕಲಾವಿದ ಯಾವ ಸ್ಥಾನದವನು ಅನ್ನುವುದಷ್ಟೇ ಅಲ್ಲಿ ಉಳಿದಿರುವ ಸುಳಿವು.

ಇನ್ನೊಂದು ತೊಂದರೆ ಸಮಯದ್ದು. ರಾತ್ರಿಯಿಡೀ ನಡೆಯುವ ಆಟದಲ್ಲಿ ಬಣ್ಣದ ವೇಷದವನಿಗೆ ಸಂಜೆಯಿಂದ ನಡುರಾತ್ರಿವರೆಗೆ ಮುಖ ಬರೆಯಲು ಬಿಡುವು ಇತ್ತು. ಮೂರು ನಾಲ್ಕು ಗಂಟೆಯ ಕಾಲಮಿತಿ ಆಟದಲ್ಲಿ ಆ ಬಿಡುವು ಇಲ್ಲ. ಹಾಗಾಗಿ ಕೆಲವರು ಅಕ್ಕಿಹಿಟ್ಟಿನ ಬದಲು ಬಿಳಿ ಬಣ್ಣದಲ್ಲೇ ಚುಕ್ಕಿ ಬಿಡಿಸಿ ಮುಗಿಸುತ್ತಾರೆ. ನೇರ ಎದುರಿನಿಂದ ನೋಡಿದರೆ, ಅದರಲ್ಲೂ ಫೋಟೊದಲ್ಲಿ, ವ್ಯತ್ಯಾಸ ಗೊತ್ತಾಗುವುದಿಲ್ಲ. ವೇಷಧಾರಿ ಪಕ್ಕಕ್ಕೆ ತಿರುಗಿದಾಗ ಕೆನ್ನೆಯ ಅಂಚು ನೋಡಿ. ನಿಜವಾದ ಚುಟ್ಟಿಯಾದರೆ ಅಂಚು ಗರಗಸದ ಹಾಗೆ ಮುಳ್ಳು ಮುಳ್ಳಾಗಿ ಕಾಣುತ್ತದೆ. ಬಿಡಿಸಿದ್ದಾದರೆ ನುಣುಪು.

ಮುಖದಲ್ಲಿ ಓದಬಹುದಾದ ಸಣ್ಣ ಸುಳಿವು ಒಂದು ಉಳಿದಿದೆ, ಹಣೆಯ ನಾಮ. ಉದ್ದನೆಯ ನಾಮ ವಿಷ್ಣುವಿನ ಕಡೆ, ಅಡ್ಡಗೆರೆ ಶಿವನ ಕಡೆ ಅನ್ನುವುದು ಮೂಲ ಲೆಕ್ಕ. ಆದರೆ ಇದನ್ನು ನಾನು ಕೊನೆಗೆ ಇಟ್ಟಿದ್ದಕ್ಕೆ ಕಾರಣ ಇದೆ. ನಾಮದ ವಿನ್ಯಾಸದಲ್ಲಿ ಕಲಾವಿದರು ತಮ್ಮ ಮುಖದ ಅಳತೆಗೆ, ತಮ್ಮ ಗುರುಗಳು ಬರೆಯುತ್ತಿದ್ದ ರೀತಿಗೆ ತಕ್ಕಂತೆ ಬಹಳ ಬದಲಾವಣೆ ಮಾಡಿಕೊಳ್ಳುತ್ತಾರೆ. ಹಣೆ ಅಗಲ ಇದ್ದವರು ನಾಮವನ್ನು ಅಗಲ ಮಾಡುತ್ತಾರೆ, ಮುಖ ಗುಂಡಗಿದ್ದವರು ಉದ್ದ ಎಳೆಯುತ್ತಾರೆ. ಅದನ್ನು ಮಾತ್ರ ನಂಬಿ ಪಾತ್ರ ಊಹಿಸಲು ಹೋದರೆ ತಪ್ಪುವ ಸಂಭವ ಜಾಸ್ತಿ.

ಮಗಳ ಭಯಕ್ಕೆ ಒಂದು ಉಪಾಯ ಇದೆ. ಮುಂದಿನ ಸಲ ಆಟ ಶುರುವಾಗುವ ಮೊದಲೇ ಹೋಗಿ ಅವಳನ್ನು ಚೌಕಿಗೆ ಕರೆದುಕೊಂಡು ಹೋಗಿ. ದೇವರ ಪೆಟ್ಟಿಗೆಯ ಮುಂದೆ ಕೈಮುಗಿದು ದೂರದಲ್ಲಿ ಕೂತರೆ ಯಾರೂ ಬೇಡ ಅನ್ನುವುದಿಲ್ಲ. ಮಹಿಷಾಸುರನಾಗುವವರು ಬರೀ ಬಣ್ಣದ ಹಾಸಿನ ಮುಖದಲ್ಲಿ ಇರುವಾಗಲೇ ಅವಳು ನೋಡಲಿ. ಮೊದಲ ಸಾಲಿನ ಚುಕ್ಕಿ ಏಳುವ ತನಕ ಕೂತಿದ್ದರೆ ಸಾಕು.